ಪುಟ್ಟ ಹಾಲ್‌ಗೆ ಎಷ್ಟು ಇಂಚಿನ ಟಿವಿ? ಟೇಪು ಹಿಡಿದು ಲೆಕ್ಕ ಹಾಕುವ ಬಗೆ

ಅಕ್ಕನ ಮನೆಯ ಹಾಲ್ 10 ಅಡಿ ಅಗಲ, 12 ಅಡಿ ಉದ್ದ. ಹಳೆಯ ಟಿವಿ ಕೆಟ್ಟು ಕೂತಾಗ ಭಾವ 65 ಇಂಚಿನದು ಬೇಕೆಂದರು. ಅಕ್ಕ 43 ಸಾಕೆಂದಳು. ಭಾವನ ಲೆಕ್ಕ ಸರಳವಾಗಿತ್ತು: "ಸೋಫಾ ಈ ಗೋಡೆಗೆ, ಟಿವಿ ಆ ಗೋಡೆಗೆ. ಮಧ್ಯೆ ಹತ್ತಡಿ ಇದೆಯಲ್ಲ, 65 ಹಾಕಿದರೆ ಏನಾಗುತ್ತೆ?" ತಪ್ಪು ಆ ಹತ್ತಡಿಯಲ್ಲೇ ಇತ್ತು. ಅವರ ಹಾಲ್‌ನಲ್ಲಿ ನೋಡುವವರ ಕಣ್ಣಿನಿಂದ ಪರದೆಗೆ ಇದ್ದದ್ದು ಏಳಡಿ ಚಿಲ್ಲರೆ ಮಾತ್ರ. ಆ ಮನೆಯ ಅಳತೆಗಳನ್ನೇ ಇಟ್ಟುಕೊಂಡು ಇಡೀ ಲೆಕ್ಕವನ್ನು ಹೇಳುತ್ತೇನೆ. ನಿಮ್ಮ ಮನೆಯ ಸಂಖ್ಯೆಗಳನ್ನು ಅದರಲ್ಲಿ ಹಾಕಿಕೊಂಡರಾಯಿತು.

ಮೊದಲ ಹೆಜ್ಜೆ: ಕಣ್ಣಿನಿಂದ ಅಳೆಯಿರಿ

ಟಿವಿ ನೋಡುವುದು ಕಣ್ಣು, ಗೋಡೆಯಲ್ಲ. ಹಾಗಾಗಿ ಗೋಡೆಯಿಂದ ಗೋಡೆಗೆ ಅಳೆದ ಸಂಖ್ಯೆಯಿಂದ ಎರಡು ಕಡೆಯೂ ಒಂದಿಷ್ಟು ಕಳೆಯಬೇಕು.

ಸೋಫಾ ಕಡೆ ಎಷ್ಟು ಕಳೆಯಬೇಕೆಂದು ಊಹಿಸಬೇಡಿ. ರಾತ್ರಿ ಊಟ ಮುಗಿಸಿ ಹೇಗೆ ಒರಗಿ ಕೂರುತ್ತೀರೋ ಹಾಗೇ ಕೂತುಕೊಳ್ಳಿ. ಅಳೆಯುತ್ತಾರೆ ಎಂದ ಕೂಡಲೇ ಎಲ್ಲರೂ ಬೆನ್ನು ನೆಟ್ಟಗೆ ಮಾಡುತ್ತಾರೆ. ಅದರಿಂದ ಅಳತೆ ಕೆಡುತ್ತದೆ. ಇನ್ನೊಬ್ಬರು ಹಿಂದಿನ ಗೋಡೆಯಿಂದ ನಿಮ್ಮ ಕಣ್ಣಿನ ನೇರಕ್ಕೆ ಟೇಪು ಹಿಡಿಯಲಿ. ಅಕ್ಕನ ಮನೆಯಲ್ಲಿ ಅದು 26 ಇಂಚು ಬಂತು. ಸೋಫಾ ಗೋಡೆಯಿಂದ ಸ್ವಲ್ಪ ಮುಂದಿತ್ತು, ಒರಗುವ ದಿಂಬು ದಪ್ಪಗಿತ್ತು, ಅದರ ಮೇಲೆ ತಲೆಯ ಅಳತೆಯೂ ಸೇರಿತು.

ಈಗ ಟಿವಿ ಕಡೆ. ಸ್ಟ್ಯಾಂಡಿನ ಮೇಲೆ ಕೂರಿಸಿದರೆ ಪರದೆ ಗೋಡೆಗೆ ಅಂಟಿಕೊಂಡಿರುವುದಿಲ್ಲ. ಕಾಲುಗಳು ಹಿಂದಕ್ಕೂ ಮುಂದಕ್ಕೂ ಚಾಚಿರುತ್ತವೆ, ಹಿಂದೆ ವೈರುಗಳಿಗೆ ಜಾಗ ಬೇಕು. ಅವರ ಮನೆಯ ಸ್ಟ್ಯಾಂಡಿನ ಮೇಲೆ ಪರದೆಯ ಮುಖ ಗೋಡೆಯಿಂದ 8 ಇಂಚು ಮುಂದೆ ಬರುತ್ತಿತ್ತು. ಗೋಡೆಗೇ ಜಡಿದಿದ್ದರೆ ಆ 8 ಇಂಚು ಅರ್ಧದಷ್ಟಾಗಬಹುದಿತ್ತು.

ಹತ್ತಡಿ ಎಂದರೆ 120 ಇಂಚು. ಅದರಿಂದ 26 ಮತ್ತು 8 ಕಳೆದರೆ ಉಳಿಯುವುದು 86 ಇಂಚು, ಅಂದರೆ ಏಳಡಿ ಎರಡು ಇಂಚು. ಭಾವ ಅಂದುಕೊಂಡಿದ್ದಕ್ಕಿಂತ ಮೂರಡಿಯಷ್ಟು ಕಡಿಮೆ. ಮುಂದಿನ ಎಲ್ಲ ಲೆಕ್ಕವೂ ಈ 86ರ ಮೇಲೆ ನಿಂತಿದೆ.

ಎರಡನೆಯ ಹೆಜ್ಜೆ: ದೂರದಿಂದ ಇಂಚಿಗೆ

ಪೆಟ್ಟಿಗೆಯ ಮೇಲೆ ಬರೆದ ಇಂಚು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. ಆದರೆ ನಮಗೆ ಬೇಕಾದದ್ದು ಅಗಲ ಮತ್ತು ಎತ್ತರ. ಈಗಿನ ಟಿವಿಗಳೆಲ್ಲ ಬಹುತೇಕ 16:9 ಆಕಾರದವು. ಹಾಗಾಗಿ ಇಂಚನ್ನು 0.87ರಿಂದ ಗುಣಿಸಿದರೆ ಪರದೆಯ ಅಗಲ, 0.49ರಿಂದ ಗುಣಿಸಿದರೆ ಎತ್ತರ ಸಿಗುತ್ತದೆ. 55 ಇಂಚಿನ ಟಿವಿಯ ಪರದೆ ಸುಮಾರು 48 ಇಂಚು ಅಗಲ, 27 ಇಂಚು ಎತ್ತರ.

ಪರದೆ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಡಿಗ್ರಿಯಲ್ಲಿ ಹೇಳುವುದು ವಾಡಿಕೆ. ಪರದೆಯ ಎಡ ಅಂಚು, ನಿಮ್ಮ ಕಣ್ಣು, ಬಲ ಅಂಚು, ಈ ಮೂರರ ನಡುವೆ ಆಗುವ ಕೋನ ಅದು. ಸಿನಿಮಾ ಮತ್ತು ಟಿವಿ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಂಪಿಟಿಇ ಹೆಸರಿನಲ್ಲಿ ಓಡಾಡುವ ಸಂಖ್ಯೆ 30 ಡಿಗ್ರಿ. ಟಿಎಚ್‌ಎಕ್ಸ್ ಎಂಬ ಸಿನಿಮಾ ಗುಣಮಟ್ಟದ ಸಂಸ್ಥೆಯದು 40 ಡಿಗ್ರಿ. ಮೊದಲನೆಯದರಲ್ಲಿ ಚಿತ್ರ ದೊಡ್ಡದಾಗಿ ಕಂಡರೂ ಕೊಠಡಿಯ ಅರಿವು ಇರುತ್ತದೆ. ಎರಡನೆಯದು ಚಿತ್ರಮಂದಿರದ ಅನುಭವಕ್ಕೆ ಹತ್ತಿರ. ದಿನವಿಡೀ ಏನಾದರೊಂದು ಓಡುತ್ತಿರುವ ಮನೆಯ ಹಾಲ್‌ಗೆ 40 ಹೆಚ್ಚಾಯಿತು ಎಂಬುದು ನನ್ನ ಅನಿಸಿಕೆ. ಎರಡು ಗಂಟೆಯ ಸಿನಿಮಾಕ್ಕೆ ಅದು ಹಿತ; ಸುದ್ದಿ, ಧಾರಾವಾಹಿ, ಆಟ ಎಲ್ಲ ಸೇರಿ ಸಂಜೆಯಿಡೀ ನೋಡುವಾಗ ಕಣ್ಣು ದಣಿಯುತ್ತದೆ.

ಲೆಕ್ಕಕ್ಕೆ ತ್ರಿಕೋನಮಿತಿ ಬೇಡ. ದೂರವನ್ನು 1.6ರಿಂದ ಭಾಗಿಸಿದರೆ 30 ಡಿಗ್ರಿ ಕೊಡುವ ಟಿವಿಯ ಇಂಚು ಸಿಗುತ್ತದೆ. 1.2ರಿಂದ ಭಾಗಿಸಿದರೆ 40 ಡಿಗ್ರಿಯದು. ಅಕ್ಕನ ಮನೆಯ 86ನ್ನು 1.6ರಿಂದ ಭಾಗಿಸಿದರೆ 54 ಬರುತ್ತದೆ, 1.2ರಿಂದ ಭಾಗಿಸಿದರೆ 72.

ಅದೇ ಸೋಫಾದಿಂದ ನೋಡಿದರೆ 43 ಇಂಚಿನ ಟಿವಿ 25 ಡಿಗ್ರಿಯಷ್ಟು ಕಾಣುತ್ತದೆ, 50 ಇಂಚಿನದು 28, 55 ಇಂಚಿನದು 31, 65 ಇಂಚಿನದು 36. 50 ಮತ್ತು 55ರ ನಡುವೆ ಮೂರು ಡಿಗ್ರಿಯೂ ಇಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಅಂಗಡಿಯಲ್ಲಿ ಅವೆರಡೂ ಪಕ್ಕಪಕ್ಕದಲ್ಲಿ ಇದ್ದಾಗ ವ್ಯತ್ಯಾಸ ಬಹಳ ಕಾಣುತ್ತದೆ. ಮನೆಯಲ್ಲಿ ಒಂದೇ ಇರುತ್ತದೆ.

ಟೇಪು, ಕ್ಯಾಲ್ಕುಲೇಟರ್ ಯಾವುದೂ ಕೈಗೆ ಸಿಗದಿದ್ದರೆ ಮುಷ್ಟಿ ಇದೆ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ, ಮುಷ್ಟಿ ಬಿಗಿದು, ಒಂದು ಕಣ್ಣು ಮುಚ್ಚಿ ನೋಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಉದ್ದ ಕೈಯವರ ಮುಷ್ಟಿಯೂ ದೊಡ್ಡದಿರುವುದರಿಂದ ಇದು ಬಹುತೇಕ ಎಲ್ಲರಿಗೂ ಹೊಂದುತ್ತದೆ. ಟಿವಿ ಮೂರು ಮುಷ್ಟಿಯಷ್ಟು ಅಗಲ ಕಂಡರೆ 30 ಡಿಗ್ರಿ. ನೆಂಟರ ಮನೆಗೆ ಹೋದಾಗ ಅವರ ಟಿವಿಯನ್ನು ನಾನು ಹೀಗೆ ಕದ್ದು ಅಳೆಯುವುದುಂಟು.

ಮೂರನೆಯ ಹೆಜ್ಜೆ: ಏನು ನೋಡುತ್ತೀರಿ?

ಇಲ್ಲಿಯವರೆಗಿನ ಲೆಕ್ಕ "ಎಷ್ಟು ದೊಡ್ಡದು ಹಿತ" ಎಂಬುದರದ್ದು. ಈಗಿನದು "ಎಷ್ಟು ದೊಡ್ಡದಾದರೆ ಚಿತ್ರ ಕಳೆಗೆಡುತ್ತದೆ" ಎಂಬುದರದ್ದು. ದೊಡ್ಡ ಟಿವಿ ತಂದು ಬೇಸರಪಟ್ಟವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಅವರು ಟಿವಿ ಸರಿಯಿಲ್ಲ ಎಂದು ದೂರುತ್ತಾರೆ. ಸಮಸ್ಯೆ ಇರುವುದು ಚಾನೆಲ್ಲಿನಿಂದ ಬರುವ ಚಿತ್ರದಲ್ಲಿ.

ಚಿತ್ರ ಸಣ್ಣ ಸಣ್ಣ ಚುಕ್ಕೆಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ ಆಗಿದೆ. ಸಾಧಾರಣ ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಅದರ ಒಂದು ಭಾಗದಷ್ಟು ಸಣ್ಣ ವಿವರವನ್ನು ಗುರುತಿಸಬಲ್ಲದು. ಅದಕ್ಕಿಂತ ಸಣ್ಣದು ಪಕ್ಕದ ಚುಕ್ಕೆಯೊಂದಿಗೆ ಬೆರೆತುಹೋಗುತ್ತದೆ. ಇದರಿಂದ ಒಂದು ಸುಲಭದ ಸೂತ್ರ ಹೊರಡುತ್ತದೆ. ಎಚ್‌ಡಿ ಅಲ್ಲದ ಹಳೆಯ ಬಗೆಯ ಚಾನೆಲ್ ಚಿತ್ರ ನುಣುಪಾಗಿ ಕಾಣಬೇಕಾದರೆ ಪರದೆಯ ಎತ್ತರದ ಆರು ಪಟ್ಟು ದೂರ ಕೂರಬೇಕು. ಫುಲ್ ಎಚ್‌ಡಿಗೆ 3.2 ಪಟ್ಟು ಸಾಕು. 4ಕೆಗೆ ಅದರ ಅರ್ಧ, 1.6 ಪಟ್ಟು.

ಅಕ್ಕನ ಮನೆಯ ಸಂಖ್ಯೆಗಳನ್ನು ಹಾಕಿ ನೋಡೋಣ. 55 ಇಂಚಿನ ಪರದೆಯ ಎತ್ತರ 27 ಇಂಚು. ಅದರ 3.2 ಪಟ್ಟು ಎಂದರೆ 86. ಅವರು ಕೂರುವ ದೂರವೂ ಅದೇ. ಅಂದರೆ ಆ ಸೋಫಾದಲ್ಲಿ 55 ಇಂಚಿನಲ್ಲಿ ಫುಲ್ ಎಚ್‌ಡಿ ಚಿತ್ರ ಇದ್ದರೆ ಕಣ್ಣಿಗೆ ಸಿಗಬಹುದಾದ ವಿವರವೆಲ್ಲ ಸಿಕ್ಕಂತೆ. 4ಕೆಯ ಹೆಚ್ಚುವರಿ ವಿವರ ಪೂರ್ತಿಯಾಗಿ ಕಾಣಬೇಕಾದರೆ 43 ಇಂಚು ದೂರಕ್ಕೆ, ಅಂದರೆ ಮೂರೂವರೆ ಅಡಿಗೆ ಕುರ್ಚಿ ಎಳೆದುಕೊಳ್ಳಬೇಕು. ಯಾರೂ ಹಾಗೆ ಕೂರುವುದಿಲ್ಲ. ಈ ಗಾತ್ರದ ಟಿವಿಗಳು ಹೇಗೂ 4ಕೆಯಲ್ಲೇ ಬರುವುದರಿಂದ ಕೊಳ್ಳುವುದು ಅದನ್ನೇ. ಆದರೆ ಇಂಥ ಹಾಲ್‌ಗೆ 8ಕೆ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ನಡೆಯಿರಿ.

ಇನ್ನು ಹಳೆಯ ಬಗೆಯ ಚಾನೆಲ್. 55 ಇಂಚಿನಲ್ಲಿ ಅದು ಚೆನ್ನಾಗಿ ಕಾಣಬೇಕೆಂದರೆ 27ರ ಆರು ಪಟ್ಟು, ಹದಿಮೂರೂವರೆ ಅಡಿ ದೂರ ಬೇಕು. ಅಷ್ಟು ಉದ್ದ ಆ ಹಾಲೇ ಇಲ್ಲ. 43 ಇಂಚಿನದಕ್ಕೂ ಹತ್ತೂವರೆ ಅಡಿ ಬೇಕು. ಆ ಚಿತ್ರಕ್ಕೆ ಏಳಡಿಯಲ್ಲಿ ನಿಜವಾಗಿ ಹೊಂದುವುದು 30 ಇಂಚಿನ ಆಸುಪಾಸಿನ ಟಿವಿ. ಹಿಂದೆಲ್ಲ ಸಣ್ಣ ಟಿವಿಯಲ್ಲಿ ಚೊಕ್ಕವಾಗಿ ಕಾಣುತ್ತಿದ್ದ ಚಾನೆಲ್ ಹೊಸ ದೊಡ್ಡ ಟಿವಿಯಲ್ಲಿ ಮುಖಗಳೆಲ್ಲ ಮೇಣ ಬಳಿದಂತೆ, ಅಂಚುಗಳೆಲ್ಲ ಚೌಕಚೌಕವಾಗಿ ಕಾಣುವುದಕ್ಕೆ ಕಾರಣ ಇದೇ. ಟಿವಿ ಕಡಿಮೆ ಚುಕ್ಕೆಗಳನ್ನು ಹಿಗ್ಗಿಸಿ ತನ್ನ ಪರದೆ ತುಂಬಿಸುತ್ತದೆ. ಇಲ್ಲದ ವಿವರವನ್ನು ಅದು ಎಲ್ಲಿಂದ ತಂದೀತು?

ಆದ್ದರಿಂದ ಒಂದು ವಾರ ಮನೆಯಲ್ಲಿ ಟಿವಿ ಏನೇನು ತೋರಿಸುತ್ತದೆ ಎಂದು ಸುಮ್ಮನೆ ಗಮನಿಸಿ. ಹೆಚ್ಚಿನ ಹೊತ್ತು ಇಂಟರ್‌ನೆಟ್ ಮೂಲಕ ಬರುವ ಎಚ್‌ಡಿ ಅಥವಾ 4ಕೆ ಚಿತ್ರವಾದರೆ ದೂರವನ್ನು 1.6ರಿಂದ ಭಾಗಿಸಿ ಬಂದ ಇಂಚನ್ನು ಧೈರ್ಯವಾಗಿ ತೆಗೆದುಕೊಳ್ಳಿ, ಒಂದು ಅಳತೆ ಮೇಲಕ್ಕೆ ಹೋದರೂ ನಡೆಯುತ್ತದೆ. ಎಚ್‌ಡಿ ಅಲ್ಲದ ಚಾನೆಲ್ಲುಗಳೇ ಅರ್ಧಕ್ಕಿಂತ ಹೆಚ್ಚಾದರೆ ಒಂದು ಅಳತೆ ಕೆಳಗಿಳಿಯಿರಿ. ಅದಕ್ಕಿಂತ ಕೆಳಗೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ. ಚಾನೆಲ್ ನಾಳೆ ಎಚ್‌ಡಿಗೆ ಬರಬಹುದು, ಟಿವಿ ಹಿಗ್ಗುವುದಿಲ್ಲ.

ಅಕ್ಕನ ಮನೆಯಲ್ಲಿ ಭಾವನ ಕ್ರಿಕೆಟ್ಟು, ಸಿನಿಮಾ ಎಲ್ಲ ಎಚ್‌ಡಿ. ಆದರೆ ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ರಿಮೋಟು ಅವಳ ಅತ್ತೆಯ ಕೈಯಲ್ಲಿ. ಅವರು ನೋಡುವ ಎರಡು ಚಾನೆಲ್ಲೂ ಹಳೆಯ ಬಗೆಯವು. 55 ಎಂದು ಬಂದಿದ್ದ ಲೆಕ್ಕ ಹೀಗೆ 50ರ ಕಡೆಗೆ ವಾಲಿತು.

ನಾಲ್ಕನೆಯ ಹೆಜ್ಜೆ: ಕಾಗದದ ಟಿವಿ

ಭಾವ ಒಪ್ಪಲಿಲ್ಲ. ಆಗ ಹಳೆಯ ಪತ್ರಿಕೆಗಳನ್ನು ಅಂಟಿಸಿ ಮೂರು ಹಾಳೆ ಮಾಡಿದೆವು. 50 ಇಂಚಿಗೆ 43.5 × 24.5 ಇಂಚು, 55ಕ್ಕೆ 48 × 27, 65ಕ್ಕೆ 56.5 × 32. ಸುತ್ತಲಿನ ಚೌಕಟ್ಟಿಗೆಂದು ಅರ್ಧ ಇಂಚು ಹೆಚ್ಚು ಬಿಟ್ಟೆವು. ಟಿವಿ ಬರುವ ಜಾಗದಲ್ಲಿ ಮೊದಲು 65ರ ಹಾಳೆಯನ್ನು ಟೇಪಿನಿಂದ ಅಂಟಿಸಿದೆವು.

ಇದನ್ನು ಐದು ನಿಮಿಷ ನೋಡಿ ತೀರ್ಮಾನಿಸಬಾರದು. ಒಂದೊಂದನ್ನೂ ಎರಡು ಮೂರು ದಿನ ಗೋಡೆಯ ಮೇಲೆ ಬಿಡಿ. ಅಂಟಿಸಿದ ಮೊದಲ ಗಂಟೆಯಲ್ಲಿ ಯಾವ ಹಾಳೆಯಾದರೂ ರಾಕ್ಷಸನಂತೆ ಕಾಣುತ್ತದೆ, ಎರಡನೆಯ ದಿನಕ್ಕೆ ಕಣ್ಣು ಒಗ್ಗುತ್ತದೆ. ಒಗ್ಗಿದ ಮೇಲೂ ಉಳಿಯುವ ತೊಂದರೆಯೇ ನಿಜವಾದ ತೊಂದರೆ. ಹಾಳೆಯ ಕೆಳ ಅಂಚಿನಲ್ಲಿ, ಸುದ್ದಿ ಓಡುವ ಜಾಗದಲ್ಲಿ, ಎಡತುದಿಯಿಂದ ಬಲತುದಿಯವರೆಗೆ ಒಂದು ಸಾಲು ಬರೆದು ಸೋಫಾದಿಂದ ಓದಿ. ಕಣ್ಣಷ್ಟೇ ಓಡಿದರೆ ಸರಿ, ಕುತ್ತಿಗೆಯೂ ತಿರುಗಿದರೆ ಅದು ದೊಡ್ಡದಾಯಿತು. ಬಾಗಿಲು ತೆರೆದಾಗ ಹಾಳೆಗೆ ತಾಗುತ್ತದೆಯೇ, ಸ್ವಿಚ್ ಬೋರ್ಡು ಅದರ ಹಿಂದೆ ಮುಚ್ಚಿಹೋಗುತ್ತದೆಯೇ, ಪಕ್ಕದಲ್ಲಿ ನಡೆದಾಡುವವರ ಭುಜ ಅಂಚಿಗೆ ಬಡಿಯುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

65ರ ಹಾಳೆ ಒಳಕೋಣೆಯ ಬಾಗಿಲಿನ ಚೌಕಟ್ಟಿನ ಮೇಲೆ ಮೂರು ಇಂಚು ಹತ್ತಿ ಕೂತಿತ್ತು. ಅಲ್ಲಿಗೆ ಆ ವಾದ ಮುಗಿಯಿತು; ಡಿಗ್ರಿಗಳ ಮಾತೇ ಬರಲಿಲ್ಲ.

ಸ್ಟ್ಯಾಂಡಿನ ಅಗಲವನ್ನೂ ಈಗಲೇ ನೋಡಿಕೊಳ್ಳಿ. ಅನೇಕ ದೊಡ್ಡ ಟಿವಿಗಳ ಕಾಲುಗಳು ನಡುವೆ ಇರುವುದಿಲ್ಲ, ಎರಡು ತುದಿಗಳಲ್ಲಿರುತ್ತವೆ. ಟಿವಿಗಿಂತ ಸ್ಟ್ಯಾಂಡು ಚಿಕ್ಕದಿದ್ದರೆ ಒಂದು ಕಾಲು ಗಾಳಿಯಲ್ಲಿ ನಿಲ್ಲುತ್ತದೆ. ಕೊಳ್ಳುವ ಮುನ್ನ ಕಾಲುಗಳ ನಡುವಿನ ದೂರ ಎಷ್ಟೆಂದು ಮಾದರಿಯ ವಿವರದಲ್ಲಿ ನೋಡಿ, ಎರಡು ಬದಿಯಲ್ಲೂ ಒಂದೆರಡು ಇಂಚು ಉಳಿಯುವಂತಿರಲಿ.

ಐದನೆಯ ಹೆಜ್ಜೆ: ಎತ್ತರ

ದೂರ ಸರಿಯಾಗಿದ್ದೂ ಎತ್ತರ ತಪ್ಪಿದರೆ ಕುತ್ತಿಗೆ ನೋಯುತ್ತದೆ. ನಿಂತುಕೊಂಡು ಎತ್ತರ ಗುರುತು ಮಾಡುವುದು ಇದಕ್ಕೆ ಮುಖ್ಯ ಕಾರಣ. ನಿಂತವರ ಕಣ್ಣಿಗೆ ಸರಿ ಎನಿಸಿದ ಗುರುತು ಕೂತವರಿಗೆ ತಲೆಯ ಮೇಲೆ ಹೋಗುತ್ತದೆ.

ಮತ್ತೆ ಸೋಫಾದಲ್ಲಿ ಒರಗಿ ಕೂತು, ನೆಲದಿಂದ ಕಣ್ಣಿನ ಎತ್ತರ ಅಳೆಯಿರಿ. ಅಕ್ಕನಿಗೆ 41 ಇಂಚು ಬಂತು. ಪರದೆಯ ಮಧ್ಯಬಿಂದು ಈ ಎತ್ತರದಲ್ಲಿ ಅಥವಾ ಅದಕ್ಕಿಂತ ನಾಲ್ಕೈದು ಇಂಚು ಕೆಳಗೆ ಬರಬೇಕು. ಅವರ ಸ್ಟ್ಯಾಂಡು 20 ಇಂಚು ಎತ್ತರ, ಟಿವಿಯ ಕಾಲು 3 ಇಂಚು, 50 ಇಂಚಿನ ಪರದೆಯ ಅರ್ಧ ಎತ್ತರ ಚೌಕಟ್ಟು ಸೇರಿ ಸುಮಾರು 13. ಒಟ್ಟು 36. ಕಣ್ಣಿಗಿಂತ 5 ಇಂಚು ಕೆಳಗೆ, ಏಳಡಿ ದೂರದಲ್ಲಿ ಅದು ಮೂರು ಡಿಗ್ರಿಯಷ್ಟೇ. ನೆಲದ ಮೇಲೆ ಕೂರುವ ಮಕ್ಕಳಿಗೂ ಅದು ತೀರಾ ಎತ್ತರವಾಗುವುದಿಲ್ಲ.

ಅದೇ ಟಿವಿಯ ಮಧ್ಯಬಿಂದುವನ್ನು ಗೋಡೆಯ ಮೇಲೆ ಐದಡಿ ಎತ್ತರಕ್ಕೆ, ಚಿತ್ರಪಟ ನೇತುಹಾಕುವ ಹಾಗೆ, ಜಡಿದರೆಂದುಕೊಳ್ಳಿ. ಮಧ್ಯಬಿಂದು ಕಣ್ಣಿಗಿಂತ 19 ಇಂಚು ಮೇಲೆ ಹೋಗುತ್ತದೆ, ಮೇಲಂಚು 31 ಇಂಚು ಮೇಲೆ. ಮೇಲಂಚನ್ನು ನೋಡಲು 20 ಡಿಗ್ರಿ ತಲೆ ಎತ್ತಬೇಕು. ಹತ್ತು ನಿಮಿಷ ಗೊತ್ತಾಗುವುದಿಲ್ಲ. ಒಂದು ಸಿನಿಮಾ ಮುಗಿಯುವ ಹೊತ್ತಿಗೆ ಜನ ಸೋಫಾದಲ್ಲಿ ಜಾರಿ ಜಾರಿ ಮಲಗಿರುತ್ತಾರೆ. ನಿಮ್ಮ ಮನೆಯಲ್ಲಿ ಎಲ್ಲರೂ ಹೀಗೆ ಜಾರುತ್ತಿದ್ದರೆ ಸೋಮಾರಿತನ ಎನ್ನುವ ಮೊದಲು ಟಿವಿಯ ಎತ್ತರ ನೋಡಿ.

ಗೋಡೆಗೆ ಜಡಿಯುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು, ನಾನು ಸ್ವತಃ ಎಡವಿದ್ದು ಅದರಲ್ಲಿ. ಟಿವಿಯ ಬೆನ್ನಿನಲ್ಲಿ ಬ್ರಾಕೆಟ್ಟಿಗೆಂದು ನಾಲ್ಕು ತೂತುಗಳಿರುತ್ತವೆ, ವೆಸಾ ಎಂಬ ಗೊತ್ತುಪಡಿಸಿದ ಅಳತೆಯವು. ಅವು ಪರದೆಯ ನಟ್ಟನಡುವೆ ಇರುತ್ತವೆ ಎಂದು ನಂಬಿ, ನನ್ನ ಮನೆಯಲ್ಲಿ ಬ್ರಾಕೆಟ್ಟಿನ ನಡುವನ್ನು ಕಣ್ಣಿನ ಎತ್ತರಕ್ಕೆ ಸರಿಯಾಗಿ ಜಡಿಸಿದೆ. ನನ್ನ ಟಿವಿಯ ತೂತುಗಳು ನಡುವಿಗಿಂತ ನಾಲ್ಕು ಇಂಚು ಕೆಳಗಿದ್ದವು. ಟಿವಿ ಅಷ್ಟೇ ಮೇಲೆ ಹೋಗಿ ಕೂತಿತು. ಗೋಡೆಯಲ್ಲಿ ಹೊಸದಾಗಿ ನಾಲ್ಕು ತೂತು ಕೊರೆಸಿ, ಹಳೆಯವನ್ನು ಮುಚ್ಚಿಸಿದೆ. ಬಣ್ಣ ಇವತ್ತಿಗೂ ಹೊಂದಿಲ್ಲ. ಟಿವಿ ಮನೆಗೆ ಬಂದ ಮೇಲೆ, ಪರದೆಯ ಕೆಳಅಂಚಿನಿಂದ ತೂತುಗಳ ನಡುವಿನವರೆಗೆ ಅಳೆದು, ಆಮೇಲೆ ಗೋಡೆಗೆ ಗುರುತು ಹಾಕಿ.

ಆರನೆಯ ಹೆಜ್ಜೆ: ಪಕ್ಕದ ಕುರ್ಚಿ

ಸಣ್ಣ ಹಾಲ್‌ನಲ್ಲಿ ಎಲ್ಲರೂ ನೇರ ಎದುರಿಗೆ ಕೂರಲಾಗುವುದಿಲ್ಲ. ಅಕ್ಕನ ಅತ್ತೆಯ ಕುರ್ಚಿ ಪಕ್ಕದ ಗೋಡೆಗಿತ್ತು. ಪರದೆಯ ನಡುವಿನಿಂದ ನಾಲ್ಕೂವರೆ ಅಡಿ ಪಕ್ಕಕ್ಕೆ, ಐದಡಿ ಮುಂದಕ್ಕೆ. ಅಲ್ಲಿಂದ ಪರದೆಯನ್ನು ನೋಡುವ ಓರೆ 40 ಡಿಗ್ರಿ ದಾಟುತ್ತದೆ.

ಇಷ್ಟು ಓರೆಯಲ್ಲಿ ಟಿವಿಯ ಪ್ಯಾನೆಲ್ ಯಾವ ಬಗೆಯದು ಎಂಬುದು ಮುಖ್ಯ. ಎಲ್ಇಡಿ ಟಿವಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ವಿಎ ಪ್ಯಾನೆಲ್ ನೇರ ಎದುರಿನಿಂದ ಒಳ್ಳೆಯ ಕಪ್ಪು ಬಣ್ಣ ಕೊಡುತ್ತದೆ, ಆದರೆ ಪಕ್ಕಕ್ಕೆ ಸರಿದಂತೆ ಕಪ್ಪು ಬೂದಿಯಾಗಿ ಬಣ್ಣಗಳು ಪೇಲವವಾಗುತ್ತವೆ. ಐಪಿಎಸ್ ಪ್ಯಾನೆಲ್‌ನಲ್ಲಿ ಕಪ್ಪು ಅಷ್ಟು ಗಾಢವಲ್ಲ, ಆದರೆ ಪಕ್ಕದವರಿಗೂ ಬಣ್ಣ ಹೆಚ್ಚು ಕೆಡುವುದಿಲ್ಲ. ಓಎಲ್ಇಡಿ ಎರಡನ್ನೂ ಚೆನ್ನಾಗಿ ನಿಭಾಯಿಸುತ್ತದೆ, ಅದಕ್ಕೆ ತಕ್ಕ ಬೆಲೆಯನ್ನೂ ಕೇಳುತ್ತದೆ. ಅಂಗಡಿಯಲ್ಲಿ ಕೇಳಿದರೆ ಯಾವ ಪ್ಯಾನೆಲ್ ಎಂದು ಹೇಳುವವರು ಕಡಿಮೆ. ನೀವೇ ನೋಡಿ: ಟಿವಿಯ ಎದುರು ನಿಂತು ಒಂದು ಮುಖವನ್ನು ದಿಟ್ಟಿಸುತ್ತಾ, ನಿಮ್ಮ ಮನೆಯ ಪಕ್ಕದ ಕುರ್ಚಿ ಎಷ್ಟು ಓರೆಯಲ್ಲಿದೆಯೋ ಅಷ್ಟು ಪಕ್ಕಕ್ಕೆ ನಡೆಯಿರಿ. ಮುಖದ ಬಣ್ಣ ತೊಳೆದಂತೆ ಬಿಳಿಚಿಕೊಂಡರೆ ಆ ಟಿವಿ ನಿಮ್ಮ ಹಾಲ್‌ಗಲ್ಲ.

ಕಿಟಕಿಯ ವಿಷಯ ಬೇಗ ಮುಗಿಯುತ್ತದೆ. ಆಫ್ ಮಾಡಿದ ಟಿವಿ ಕಪ್ಪು ಕನ್ನಡಿ. ಅದರಲ್ಲಿ ಸೋಫಾದಿಂದ ಕಿಟಕಿ ಕಂಡರೆ ಹಗಲಿನಲ್ಲಿ ಚಿತ್ರದ ಮೇಲೂ ಕಾಣುತ್ತದೆ. ಪರದೆ ದೊಡ್ಡದಾದಷ್ಟೂ ಹೆಚ್ಚು ಕಿಟಕಿ ಅದರೊಳಗೆ ಬರುತ್ತದೆ. ಗೋಡೆ ಬದಲಿಸಿ, ಇಲ್ಲವೇ ಕಿಟಕಿಗೆ ದಪ್ಪ ಕರ್ಟನ್ ಹಾಕಿ.

ತಂದ ಮೇಲೆ

ಅಕ್ಕನ ಮನೆಗೆ ಕೊನೆಗೆ ಬಂದದ್ದು 50 ಇಂಚಿನ, ಐಪಿಎಸ್ ಪ್ಯಾನೆಲ್ಲಿನ ಟಿವಿ. ಸ್ಟ್ಯಾಂಡಿನ ಮೇಲೆಯೇ ಕೂತಿದೆ.

ಮೊದಲ ವಾರ ಟಿವಿ ನೋಡುವವರನ್ನು ನೋಡಿ. ಮುಂದಕ್ಕೆ ಬಾಗುತ್ತಿದ್ದರೆ, ಸ್ಕೋರ್ ಎಷ್ಟೆಂದು ಪಕ್ಕದವರನ್ನು ಕೇಳುತ್ತಿದ್ದರೆ ಪರದೆ ಅವರಿಗೆ ದೂರವಾಗಿದೆ. ಸೋಫಾದ ತೀರಾ ಹಿಂದಕ್ಕೆ ಒತ್ತಿಕೊಳ್ಳುತ್ತಿದ್ದರೆ, ವೇಗದ ದೃಶ್ಯಗಳಲ್ಲಿ ಕಣ್ಣು ತಪ್ಪಿಸುತ್ತಿದ್ದರೆ ಹತ್ತಿರವಾಗಿದೆ. ಟಿವಿ ಬದಲಿಸಬೇಕಾಗಿಲ್ಲ, ಸೋಫಾವನ್ನು ಆರು ಇಂಚು ಆಚೀಚೆ ಮಾಡಿದರೆ 50 ಇಂಚಿನ ಟಿವಿ ಎರಡು ಡಿಗ್ರಿಯಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಸಣ್ಣ ಹಾಲ್‌ನಲ್ಲಿ ಹೆಚ್ಚಿನ ತಕರಾರು ಅಷ್ಟರಲ್ಲೇ ಸರಿಹೋಗುತ್ತದೆ.

ಅಕ್ಕನ ಅತ್ತೆ ತಮ್ಮ ಕುರ್ಚಿಯನ್ನು ಯಾರಿಗೂ ಹೇಳದೆ ಎರಡಡಿ ಹಿಂದಕ್ಕೆ ಎಳೆದುಕೊಂಡಿದ್ದರು. "ಈಗ ಮುಖಗಳು ಸರಿಯಾಗಿ ಕಾಣ್ತಾವೆ" ಎಂದರು. ಆರು ಪಟ್ಟಿನ ಲೆಕ್ಕವನ್ನು ಅವರಿಗೆ ಯಾರೂ ಹೇಳಿರಲಿಲ್ಲ.